ಒಂದೇ ಕಾರ್ಖಾನೆ, ಎರಡು ಬೆಲೆ

"ಲೆಕ್ಕಪತ್ರ ಒಂದೇ, ಕಾರ್ಖಾನೆ ಒಂದೇ. ಆದರೂ ಇಬ್ಬರು ಲೆಕ್ಕಿಗರು ಹೇಳುವ ಬೆಲೆಗಳ ನಡುವೆ ಮೂರೂವರೆ ಕೋಟಿ ವ್ಯತ್ಯಾಸ ಹೇಗೆ ಬರುತ್ತದೆ, ಸಾರ್?"

ತುಮಕೂರಿನ ನನ್ನ ಕಚೇರಿಗೆ ಹೀಗೆ ಕೇಳಿಕೊಂಡು ಬರುವವರು ಬಹುಪಾಲು ಪಾಲು ಬಿಡಿಸಿಕೊಳ್ಳುತ್ತಿರುವ ಅಣ್ಣತಮ್ಮಂದಿರು. ತಿಪಟೂರು ಕಡೆಯ ಒಂದು ತೆಂಗಿನ ಪುಡಿ ಕಾರ್ಖಾನೆಯ ಲೆಕ್ಕವನ್ನೇ ಹೇಳುತ್ತೇನೆ. ಅಂಕಿಗಳನ್ನು ಬದಲಿಸಿದ್ದೇನೆ.

ಬಡ್ಡಿ ಕಳೆಯುವ ಮುನ್ನ, ತೆರಿಗೆ ಕಳೆದ ಮೇಲೆ ಮುಂದಿನ ವರ್ಷದ ಲಾಭ 120 ಲಕ್ಷ. ಸವಕಳಿ 30 ಲಕ್ಷ ಕೈಯಿಂದ ಹೋದ ಹಣವಲ್ಲ, ಅದನ್ನು ಕೂಡಿಸಬೇಕು. ಯಂತ್ರಗಳಿಗೆ 35 ಲಕ್ಷ, ಹೆಚ್ಚುವ ಕಾಯಿ ದಾಸ್ತಾನು ಮತ್ತು ಬರಬೇಕಾದ ಬಾಕಿಯಲ್ಲಿ ಸಿಕ್ಕಿಕೊಳ್ಳುವ 15 ಲಕ್ಷ ಕಳೆಯಬೇಕು. ಉಳಿದ ಒಂದು ಕೋಟಿಯೇ ಫ್ರೀ ಕ್ಯಾಶ್ ಫ್ಲೋ. ಅದು ಐದನೆಯ ವರ್ಷದವರೆಗೆ ಶೇ. 8ರಂತೆ, ಆಮೇಲೆ ಎಂದೆಂದಿಗೂ ಶೇ. 5ರಂತೆ ಬೆಳೆಯುತ್ತದೆ ಎಂದು ಇಬ್ಬರೂ ಲೆಕ್ಕಿಗರು ಒಪ್ಪಿದ್ದರು. ಜಗಳವಿದ್ದದ್ದು ಡಿಸ್ಕೌಂಟ್ ದರದಲ್ಲಿ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಲು ಹಿಡಿಯುವ ವಾರ್ಷಿಕ ದರದಲ್ಲಿ. ಕಾರ್ಖಾನೆ ಉಳಿಸಿಕೊಳ್ಳುವ ಅಣ್ಣನ ಲೆಕ್ಕಿಗರು ಶೇ. 14 ಹಿಡಿದರು, ಹಣ ಪಡೆದು ಹೊರಡುವ ತಮ್ಮನ ಲೆಕ್ಕಿಗರು ಶೇ. 12. ಯಾರು ಯಾವುದನ್ನು ಹಿಡಿದರು ಎಂಬುದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ.

ಮೊದಲ ಐದು ವರ್ಷಗಳ ಹಣದ ಇಂದಿನ ಬೆಲೆ ಶೇ. 14ರಲ್ಲಿ 3.95 ಕೋಟಿ, ಶೇ. 12ರಲ್ಲಿ 4.16 ಕೋಟಿ. ವ್ಯತ್ಯಾಸ ಬರೀ 21 ಲಕ್ಷ. ಮಿಕ್ಕದ್ದೆಲ್ಲ ಅಡಗಿರುವುದು ಟರ್ಮಿನಲ್ ವ್ಯಾಲ್ಯೂನಲ್ಲಿ, ಅಂದರೆ ಐದನೆಯ ವರ್ಷದಾಚೆಯ ಎಲ್ಲ ಗಳಿಕೆಗೆ ಕಟ್ಟುವ ಒಂದೇ ಬೆಲೆಯಲ್ಲಿ. ಆರನೆಯ ವರ್ಷದ 1.43 ಕೋಟಿಯನ್ನು ಡಿಸ್ಕೌಂಟ್ ದರ ಮತ್ತು ಬೆಳವಣಿಗೆ ದರಗಳ ನಡುವಿನ ಅಂತರದಿಂದ ಭಾಗಿಸಿದರೆ ಅದು ಸಿಗುತ್ತದೆ. ಅಣ್ಣನ ಹಾಳೆಯಲ್ಲಿ ಆ ಅಂತರ ಶೇ. 9, ತಮ್ಮನ ಹಾಳೆಯಲ್ಲಿ ಶೇ. 7. ದರ ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿದದ್ದು ಸಣ್ಣದಾಗಿ ಕಾಣುತ್ತದೆ. ಆದರೆ ಭಾಜಕ ಒಂಬತ್ತರಿಂದ ಏಳಕ್ಕೆ ಇಳಿದಿರುತ್ತದೆ. ಇಂದಿನ ಬೆಲೆಗೆ ತಂದಾಗ ಈ ಭಾಗ 8.24 ಕೋಟಿಯಿಂದ 11.58 ಕೋಟಿಗೆ ಏರುತ್ತದೆ. ಒಟ್ಟು ಬೆಲೆ 12.19 ಕೋಟಿಯ ಬದಲು 15.74 ಕೋಟಿ.

ಬ್ಯಾಂಕಿನ ಸಾಲ ಮೂರು ಕೋಟಿ ಇತ್ತು. ಅದನ್ನು ಕಳೆದರೆ ಮಾಲೀಕರಿಗೆ ಉಳಿಯುವುದು 9.19 ಅಥವಾ 12.74 ಕೋಟಿ. ಕಾರ್ಖಾನೆಯ ಬೆಲೆಯಲ್ಲಿ ಶೇ. 29ರಷ್ಟಿದ್ದ ವ್ಯತ್ಯಾಸ ಪಾಲಿನ ಹೊತ್ತಿಗೆ ಶೇ. 39 ಆಗಿಬಿಡುತ್ತದೆ. ಹಾಗಾಗಿ ನಾನು ಒಂದೇ ಅಂಕಿ ಬರೆದುಕೊಡುವುದಿಲ್ಲ. ಶೇ. 12, 13, 14ರ ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದರಲ್ಲೂ ಟರ್ಮಿನಲ್ ವ್ಯಾಲ್ಯೂನ ಪಾಲೆಷ್ಟು ಎಂದು ಕೆಳಗೆ ಬರೆಯುತ್ತೇನೆ. ಇಲ್ಲಿ ಅಣ್ಣನ ಲೆಕ್ಕದಲ್ಲೂ ಮೂರನೇ ಎರಡು ಭಾಗ ಅದೇ ಆಗಿತ್ತು.

ದರದ ಜಗಳದಲ್ಲಿ ಇಬ್ಬರೂ ಮರೆತದ್ದು ಕಾಯಿ ತುರಿ ಒಣಗಿಸುವ ಹಳೆಯ ಡ್ರೈಯರನ್ನು. ಅದನ್ನು ಬದಲಿಸುತ್ತಿರಲು ವರ್ಷಕ್ಕೆ ಹತ್ತು ಲಕ್ಷದಂತೆ ಎತ್ತಿಟ್ಟು, ಆ ಮೊತ್ತವನ್ನೂ ಅದೇ ಬೆಳವಣಿಗೆ ದರಗಳಲ್ಲಿ ಬೆಳೆಸಿ ಕಳೆದೆ. ಅಣ್ಣನ 12.19 ಕೋಟಿಯಲ್ಲೇ ಸುಮಾರು 1.22 ಕೋಟಿ ಇಳಿಯಿತು.