ಕೀರ್ತನೆ 145: ಅಕ್ಷರಮಾಲೆ ಬಿಟ್ಟೆವು, ಎರಡು ಕ್ರಿಯಾಪದ ಉಳಿಸಿಕೊಂಡೆವು

ಬೈಬಲ್ ಅನುವಾದದ ತಂಡವೊಂದರಲ್ಲಿ ನನ್ನದು ಪರಿಶೀಲನೆಯ ಕೆಲಸ. ಅನುವಾದಕರು ಕಳಿಸಿದ ಕರಡನ್ನು ಹೀಬ್ರೂ ಮೂಲದ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದುವುದು, ಅನುಮಾನ ಬಂದಲ್ಲಿ ಗುರುತು ಹಾಕುವುದು, ಆಮೇಲೆ ಎಲ್ಲರೂ ಕೂತಾಗ ಬೈಸಿಕೊಳ್ಳುವುದು. ಕೀರ್ತನೆ 145ರಲ್ಲಿ ಮಾತ್ರ ಬೈಸಿಕೊಳ್ಳಬೇಕಾದದ್ದು ನ್ಯಾಯವಾಗಿಯೇ ಇತ್ತು. ಅಲ್ಲಿ ಹಟ ಹಿಡಿದವನು ನಾನೇ.

ಈ ಕೀರ್ತನೆ ಅಕ್ಷರಮಾಲೆಯ ಕ್ರಮದಲ್ಲಿದೆ. ಮೊದಲ ವಚನ ಆಲೆಫ್ ಅಕ್ಷರದಿಂದ, ಎರಡನೆಯದು ಬೇತ್‌ನಿಂದ, ಹೀಗೆ ಕೊನೆಯ ತಾವ್‌ವರೆಗೆ. ಹೀಬ್ರೂವಿನಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ, ಯಾವುದರಿಂದ ಬೇಕಾದರೂ ಪದ ಶುರುವಾಗುತ್ತದೆ. ಕನ್ನಡಕ್ಕೆ ಆ ಅನುಕೂಲ ಇಲ್ಲ. ಙ, ಞಗಳಿಂದ ಪದ ಹುಟ್ಟಿಸಲು ಹೋದರೆ ಒಂದನೇ ಕ್ಲಾಸಿನ ಮಕ್ಕಳೂ ನಗುತ್ತಾರೆ. ಆದರೆ ಲೆಕ್ಕ ಹಾಕುತ್ತಾ ಹೋದಾಗ ಒಂದು ಆಸೆ ಚಿಗುರಿತು. ಕೀರ್ತನೆಯಲ್ಲಿರುವುದು 21 ವಚನ. ಅ, ಆ, ಇ, ಉ ನಾಲ್ಕು. ಮಹಾಪ್ರಾಣ, ಮೂರ್ಧನ್ಯ, ಅನುನಾಸಿಕಗಳ ತಂಟೆಯಿಲ್ಲದ ಕ, ಗ, ಚ, ಜ, ತ, ದ, ನ, ಪ, ಬ, ಮ, ಯ, ರ, ಲ, ವ, ಶ, ಸ, ಹ ಹದಿನೇಳು. ಕೂಡಿದರೆ ಸರಿಯಾಗಿ 21! (ನ, ಮಗಳೂ ಅನುನಾಸಿಕವೇ ಎಂದು ಸಹೋದ್ಯೋಗಿ ಆಗಲೇ ಚುಚ್ಚಿದರು. ಒಪ್ಪಿದೆ, ಪಟ್ಟಿ ಬದಲಿಸಲಿಲ್ಲ.)

ಕೆಲವು ಕಡೆ ಚೆನ್ನಾಗಿಯೇ ಒದಗಿಬಂತು. ನಮ್ಮ ವಾಕ್ಯದಲ್ಲಿ ಪದಗಳನ್ನು ಹಿಂದೆಮುಂದೆ ಮಾಡಲು ವಿಭಕ್ತಿ ಪ್ರತ್ಯಯಗಳು ಬಿಡುತ್ತವೆ, ಬೇಕಾದ ಪದವನ್ನು ಎಳೆದು ಮುಂದೆ ಕೂರಿಸಬಹುದು. ಹದಿನಾಲ್ಕನೇ ವಚನಕ್ಕೆ ‘ಮ’ ಬೇಕಿತ್ತು. ‘ಮುಗ್ಗರಿಸುವವರಿಗೆಲ್ಲ ಯೆಹೋವನು ಆಸರೆ’ ಎಂಬ ಸಾಲು ತಾನಾಗಿಯೇ ಬಂದು ಕೂತಿತು. ಎಂಟನೆಯದಕ್ಕೆ ‘ಜ’ ಬೇಕು. ಮೂಲದಲ್ಲಿರುವುದು ‘ದಯೆಯುಳ್ಳವನು, ಕನಿಕರವುಳ್ಳವನು ಯೆಹೋವ’ ಎಂಬ ಅರ್ಥ. ನಾನು ‘ಜಗದೊಡೆಯ’ ಎಂದು ಶುರುಮಾಡಿದೆ. ಮೂಲದಲ್ಲಿ ಜಗವೂ ಇಲ್ಲ, ಒಡೆಯನೂ ಇಲ್ಲ. ಹದಿನೇಳಕ್ಕೆ ‘ಲ’ ಬಂದಾಗ ‘ಲೋಕದಲ್ಲಿ’ ಎಂದು ತುರುಕಿದೆ. ಅಕ್ಷರದ ಬಾಡಿಗೆ ಕಟ್ಟಲು ಇಲ್ಲದ ಪದಗಳನ್ನು ಸಾಲ ತರುತ್ತಿದ್ದೇನೆ ಎಂದು ಗೊತ್ತಿತ್ತು, ಆದರೂ ಬಿಡಲು ಮನಸ್ಸು ಬರಲಿಲ್ಲ.

ನನ್ನ ಸಮರ್ಥನೆಗೆ ಕವಿಯೇ ಸಾಕ್ಷಿಯಾಗಿದ್ದ. ವಿಮೋಚನಕಾಂಡ 34:6ರ ಪ್ರಸಿದ್ಧ ಮಾತು ‘ರಹೂಮ್ ವೆಹನ್ನೂನ್’, ಕನಿಕರ ಮೊದಲು, ದಯೆ ಆಮೇಲೆ. ನಮ್ಮ ಕೀರ್ತನೆಯಲ್ಲಿ ಅದು ತಿರುವುಮುರುವಾಗಿ ‘ಹನ್ನೂನ್ ವೆರಹೂಮ್’ ಆಗಿದೆ, ಎಂಟನೇ ಅಕ್ಷರವಾದ ಹೇತ್‌ನಿಂದ ವಚನ ಶುರುವಾಗಬೇಕಲ್ಲ! ಕವಿಯೇ ಅಕ್ಷರಕ್ಕಾಗಿ ಮಾತನ್ನು ತಿರುಗಿಸಿದ್ದಾನೆ, ನಾನು ತಿರುಗಿಸಿದರೇನು ಎಂದು ವಾದಿಸಿದೆ. ತಂಡದ ಹಿರಿಯರೊಬ್ಬರು ತಣ್ಣಗೆ, “ಅವನು ಇದ್ದದ್ದನ್ನು ತಿರುಗಿಸಿದ್ದಾನೆ ಮಾರಾಯಾ, ನೀನು ಇಲ್ಲದ್ದನ್ನು ತಂದಿದ್ದೀ” ಎಂದರು.

ಆಟ ನಿಜವಾಗಿ ಮುಗಿದದ್ದು ಇಪ್ಪತ್ತನೇ ವಚನದಲ್ಲಿ. ಮೂಲ ಹೀಗೆ ಕೇಳಿಸುತ್ತದೆ: ‘ಶೋಮೇರ್ ಅದೋನಾಯ್ ಎತ್ ಕೋಲ್ ಓಹವಾವ್, ವೆಎತ್ ಕೋಲ್ ಹಾರೆಶಾಯಿಮ್ ಯಶ್ಮೀದ್.’ (ಬರೆದಿರುವುದು ದೇವರ ನಾಲ್ಕಕ್ಷರದ ಹೆಸರು, ಯೆಹೂದ್ಯರು ಓದುವುದು ಅದೋನಾಯ್ ಎಂದು.) ವಚನದ ಮೊದಲ ಪದ ಶೋಮೇರ್, ಕಾಯುವವನು. ಕೊನೆಯ ಪದ ಯಶ್ಮೀದ್, ನಾಶಮಾಡುವನು. ಒಂದರ ಧಾತು ಶ-ಮ-ರ, ಇನ್ನೊಂದರದು ಶ-ಮ-ದ. ಕೊನೆಯ ವ್ಯಂಜನ ಒಂದೇ ಬೇರೆ. ಅದರಲ್ಲೂ ರೇಶ್, ದಾಲೆತ್ ಅಕ್ಷರಗಳು ನೋಡಲು ಎಷ್ಟು ಹೋಲುತ್ತವೆಂದರೆ ಹಳೆಯ ನಕಲುಗಾರರು ಒಂದನ್ನು ಇನ್ನೊಂದೆಂದು ಓದಿ ಎಡವಿದ ಉದಾಹರಣೆಗಳು ಬೇಕಾದಷ್ಟಿವೆ. ಕಾಯುವುದಕ್ಕೂ ಅಳಿಸುವುದಕ್ಕೂ ನಡುವೆ ಒಂದು ಅಕ್ಷರದ ಮೂಲೆಯಷ್ಟೇ ಅಂತರ, ಅವೆರಡರ ನಡುವೆ ಇಡೀ ವಚನ.

ನನ್ನ ಪಟ್ಟಿಯ ಪ್ರಕಾರ ಇಲ್ಲಿ ‘ಸ’ ಬರಬೇಕು. ‘ಸಂರಕ್ಷಿಸುವನು’ ಎಂದು ಬರೆದಿದ್ದೆ, ಕೊನೆಗೆ ‘ನಿರ್ಮೂಲ ಮಾಡುವನು’. ಅರ್ಥ ಸರಿ, ಅಕ್ಷರವೂ ಸರಿ, ಕಿವಿಗೆ ಮಾತ್ರ ಏನೂ ಇಲ್ಲ. ಜೋರಾಗಿ ಓದುತ್ತಿದ್ದ ಸಹೋದ್ಯೋಗಿ ನಿಲ್ಲಿಸಿ, “ಇದಕ್ಕೆ ನಮ್ಮಲ್ಲೇ ಜೋಡಿ ಇದೆಯಲ್ಲ ಸರ್, ಅಳಿವು ಉಳಿವು” ಎಂದರು. ಅಷ್ಟೇ:

‘ಉಳಿಸುವನು ಯೆಹೋವನು ತನ್ನನ್ನು ಪ್ರೀತಿಸುವವರನ್ನೆಲ್ಲ, ದುಷ್ಟರನ್ನೆಲ್ಲ ಅಳಿಸುವನು.’

ಮೊದಲ ಸ್ವರವೊಂದು ಬಿಟ್ಟರೆ ಎರಡೂ ಪದ ಒಂದೇ. ಹೀಬ್ರೂವಿನಲ್ಲಿ ವ್ಯತ್ಯಾಸ ಧಾತುವಿನ ತುದಿಯಲ್ಲಿದ್ದರೆ ನಮ್ಮಲ್ಲಿ ಪದದ ತಲೆಯಲ್ಲಿದೆ. ಎರಡನೆಯ ಅಕ್ಷರ ಹೊಂದುವುದಂತೂ ಕನ್ನಡ ಕಿವಿಗೆ ಆದಿಪ್ರಾಸದಿಂದ ಅಭ್ಯಾಸವಾದದ್ದೇ. ಒಂದು ಕ್ರಿಯಾಪದ ಮೊದಲು, ಇನ್ನೊಂದು ಕೊನೆಗೆ ಎಂಬ ಮೂಲದ ಇಕ್ಕುಳವೂ ಹಾಗೇ ಉಳಿಯಿತು. ನಷ್ಟವೂ ಇದೆ. ಶೋಮೇರ್ ಎಂದರೆ ಕಾವಲುಗಾರನ ಕಾಯುವಿಕೆ, ‘ಉಳಿಸು’ ಅಪಾಯದಿಂದ ಪಾರುಮಾಡುವ ಕಡೆಗೆ ವಾಲುತ್ತದೆ. ‘ಅಳಿಸು’ ಸ್ಲೇಟಿನ ಮೇಲಿನ ಅಕ್ಷರವನ್ನೂ ಅಳಿಸುತ್ತದೆ, ಯಶ್ಮೀದ್‌ನ ಕ್ರೌರ್ಯ ಅದರಲ್ಲಿ ಸ್ವಲ್ಪ ಕಡಿಮೆ. ಅರ್ಧ ದಿನ ಚರ್ಚಿಸಿ ಆ ನಷ್ಟವನ್ನು ಒಪ್ಪಿಕೊಂಡೆವು.

ಆದರೆ ‘ಉ’ದಿಂದ ಶುರುವಾಗುವ ವಚನ ಇಪ್ಪತ್ತನೇ ಸ್ಥಾನದಲ್ಲಿ ಕೂತ ಮೇಲೆ ನನ್ನ ಅಕ್ಷರಮಾಲೆ ಅಲ್ಲಿಗೆ ಕಡಿಯಿತು. ಅಕ್ಷರಕ್ರಮಕ್ಕೂ ಶಬ್ದದ ಆಟಕ್ಕೂ ಬೇಕಾದದ್ದು ಅದೇ ಮೊದಲ ಪದ, ಇಬ್ಬರಿಗೂ ಕೊಡಲಾಗದು. ಹಿಂದಿನ ಭಾನುವಾರ ಅಕ್ಷರಮಾಲೆಯ ಕರಡನ್ನು ಒಂದು ಸಭೆಯಲ್ಲಿ ಓದಿ ನೋಡಿದ್ದೆವು. 49ರಲ್ಲಿ 21 ಅಕ್ಷರಗಳನ್ನು ಹೆಕ್ಕಿ ಪೋಣಿಸಿದ್ದು ಒಬ್ಬರಿಗೂ ಗೊತ್ತಾಗಿರಲಿಲ್ಲ. ಹಾಗಾಗಿ ಮಾಲೆ ಬಿಟ್ಟೆ. ‘ಜಗದೊಡೆಯ’ನೂ ‘ಲೋಕ’ವೂ ಜೊತೆಗೇ ಹೋದವು. ‘ಮುಗ್ಗರಿಸುವವರು’ ಮಾತ್ರ ಯೋಗ್ಯತೆಯ ಮೇಲೆ ಉಳಿದರು.

ಸುಲಭವಾಗಿ ಉಳಿಸಬಹುದಾಗಿದ್ದು ‘ಕೋಲ್’, ಅಂದರೆ ‘ಎಲ್ಲ’. ಈ ಕೀರ್ತನೆಯಲ್ಲಿ ಅದು 17 ಸಲ ಬರುತ್ತದೆ. ಕರಡಿನಲ್ಲಿ ಅದು ಸಕಲ, ಸರ್ವ, ಸಮಸ್ತ, ಪ್ರತಿಯೊಂದು ಎಂದೆಲ್ಲ ಚೆದುರಿತ್ತು. ಒಂದೇ ಪದ ಮರುಕಳಿಸಬಾರದು ಎಂದು ಶಾಲೆಯಲ್ಲಿ ಕಲಿಸಿದ್ದರ ಫಲ. ಎಲ್ಲವನ್ನೂ ‘ಎಲ್ಲ’ ಮಾಡಿದೆವು. ಎರಡನೇ ವಚನದಲ್ಲಿ ಮಾತ್ರ ಆಗಲಿಲ್ಲ: ‘ದಿನವೆಲ್ಲ’ ಎಂದರೆ ಬೆಳಗಿನಿಂದ ಸಂಜೆಯವರೆಗೆ ಎಂದಾಗುತ್ತದೆ, ಮೂಲದ ಅರ್ಥ ದಿನದಿನವೂ.

ಇನ್ನುಳಿದದ್ದು ಅಡಿಟಿಪ್ಪಣಿಗೆ. ಅಕ್ಷರ 22, ವಚನ 21 ಏಕೆ? ನೂನ್ ಅಕ್ಷರದ ವಚನ ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಇಲ್ಲ. ‘ಬಿದ್ದಳು’ ಎಂದು ಇಸ್ರಾಯೇಲಿನ ಪತನ ಹೇಳುವ ಆಮೋಸನ ವಚನ ನೂನ್‌ನಿಂದ ಶುರುವಾಗುತ್ತದೆ, ಅದಕ್ಕೇ ದಾವೀದ ಆ ಅಕ್ಷರ ಬಿಟ್ಟ ಎನ್ನುತ್ತದೆ ಯೆಹೂದ್ಯರ ಪ್ರಾಚೀನ ಗ್ರಂಥ ತಾಲ್ಮೂದ್. ಮುಂದಿನ ವಚನದಲ್ಲೇ ಬೀಳುವವರಿಗೆ ಆಸರೆ ಕೊಟ್ಟ ಎಂದೂ ಸೇರಿಸುತ್ತದೆ. 1956ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್‌ನ ಹನ್ನೊಂದನೇ ಗುಹೆಯಲ್ಲಿ ಸಿಕ್ಕ ಕೀರ್ತನೆಗಳ ಸುರುಳಿಯಲ್ಲಿ ನೂನ್ ಸಾಲು ಇದೆ, ಹಳೆಯ ಗ್ರೀಕ್ ಅನುವಾದದಲ್ಲೂ ಇದೆ. ಆದರೆ ಅದರ ದ್ವಿತೀಯಾರ್ಧ ಹದಿನೇಳನೇ ವಚನದ ದ್ವಿತೀಯಾರ್ಧವೇ. ಖಾಲಿ ಜಾಗ ಕಂಡು ಯಾರೋ ತುಂಬಿಸಿದ್ದಿರಬಹುದೇ ಎಂಬ ಗುಮಾನಿ ಅದಕ್ಕೇ. ಒಂದು ಅಕ್ಷರಕ್ಕಾಗಿ ಸಾಲು ಹುಟ್ಟಿಸುವ ಆಸೆ ಎಂಥದೆಂದು ನನಗೆ ಚೆನ್ನಾಗಿ ಗೊತ್ತು. ಸಾಲನ್ನು ಪಾಠದಲ್ಲಿ ಸೇರಿಸದೆ ಟಿಪ್ಪಣಿಯಲ್ಲಿ ಕೊಟ್ಟೆವು.

ಇನ್ನೊಂದು ಟಿಪ್ಪಣಿಯನ್ನೂ ಬರೆದಿದ್ದೆ. 11, 12, 13ನೇ ವಚನಗಳ ಮೊದಲಕ್ಷರ ಕಾಫ್, ಲಾಮೆದ್, ಮೇಮ್. ಕೆಳಗಿನಿಂದ ಮೇಲಕ್ಕೆ ಓದಿದರೆ ಮೆಲೆಕ್, ಅಂದರೆ ಅರಸ. ಆ ಮೂರೂ ವಚನಗಳ ವಿಷಯ ದೇವರ ಅರಸುತನ. ಪುಟದಲ್ಲಿ ಜಾಗ ಇದ್ದದ್ದು ಒಂದೇ ಟಿಪ್ಪಣಿಗೆ. ನೂನ್ ಉಳಿಯಿತು, ಅರಸ ಹೋದ.