ಗೆಳತಿಯ ಮದುವೆಗೆ ತಂಗಿಯ ಟೋಸ್ಟ್

9 ನವೆಂಬರ್ 2025, ಭಾನುವಾರ

ಮುಂದಿನ ವಾರ ಮಂಗಳೂರಲ್ಲಿ ತಂಗಿಯ ಜೀವದ ಗೆಳತಿಯ ಮದುವೆ. ಚರ್ಚಿನಲ್ಲಿ ಮದುವೆ ಮುಗಿಸಿ ಹಾಲ್‌ಗೆ ಬಂದ ಮೇಲೆ, ಕೇಕ್ ಕತ್ತರಿಸಿ, ಒಬ್ಬರು ಎದ್ದು ನಿಂತು ಮದುಮಕ್ಕಳಿಗೆ ಶುಭ ಹಾರೈಸುವ ಟೋಸ್ಟ್ ಹೇಳುತ್ತಾರೆ. ಈ ಸಲ ಅದು ನೀನೇ ಹೇಳಬೇಕು ಅಂತ ಮದುಮಗಳ ಹಟ. ತಂಗಿಗೋ ಮೈಕ್ ಕಂಡರೆ ಗಂಟಲು ಒಣಗುತ್ತದೆ. ಇವತ್ತು ಇಬ್ಬರೂ ಕೂತು ಬರೆದೆವು.

ಅವಳು ಬರೆದಿಟ್ಟಿದ್ದರಲ್ಲಿ ಒಳ್ಳೆಯವಳು, ನಗುಮುಖದವಳು, ಸಹಾಯ ಮಾಡುವವಳು ಅಂತೆಲ್ಲ ಇತ್ತು. ಅದನ್ನು ಯಾರ ಮದುವೆಯಲ್ಲಾದರೂ ಓದಬಹುದು, ಅಲ್ವಾ? "ಅವಳು ನಿನಗೋಸ್ಕರ ಮಾಡಿದ ಒಂದೇ ಒಂದು ಕೆಲಸ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಸ್ಟೆಲ್ ಮೆಸ್ಸಿನ ಕಥೆ ಹೇಳಿದಳು. ನನಗೇ ಗೊತ್ತಿರಲಿಲ್ಲ. ಉಳಿದದ್ದೆಲ್ಲ ಹೊಡೆದುಹಾಕಿ ಅದನ್ನಷ್ಟೇ ಇಟ್ಟೆವು:

"ಎಲ್ಲರಿಗೂ ನಮಸ್ಕಾರ. ನಾನು ಮದುಮಗಳ ಹಾಸ್ಟೆಲ್ ಗೆಳತಿ.
ಹಾಸ್ಟೆಲ್ ಸೇರಿದ ಹೊಸತರಲ್ಲಿ ನಾನು ಮೆಸ್‌ಗೇ ಹೋಗುತ್ತಿರಲಿಲ್ಲ.
ಅಷ್ಟು ಜನರ ನಡುವೆ ಕೂರೋಕೆ ಹೆದರಿಕೆ.
ಇವಳು ಯಾಕೆ ಅಂತ ಕೇಳಲಿಲ್ಲ. ಎರಡು ತಟ್ಟೆ ಹಿಡಿದು ರೂಮಿಗೇ ಬರುತ್ತಿದ್ದಳು.
ಒಂದು ರಾತ್ರಿ ಬರಿಗೈಲಿ ಬಂದಳು.
'ನಿನ್ನ ತಟ್ಟೆ ನನ್ನ ಪಕ್ಕ ಇಟ್ಟಿದ್ದೀನಿ, ಬಾ' ಅಂದಳು. ಹೋದೆ.
ಭಾವ, ಇನ್ನು ಇವಳ ಪಕ್ಕದ ಜಾಗ ನಿಮ್ಮದು. ತುಂಬ ಒಳ್ಳೆಯ ಜಾಗ ಅದು.
ಎಲ್ಲರೂ ಎದ್ದು ಗ್ಲಾಸ್ ಎತ್ತಿ. ನಮ್ಮ ಮದುಮಕ್ಕಳಿಗೆ!"

ನಿಧಾನಕ್ಕೆ ಓದಿದರೂ ಒಂದು ನಿಮಿಷ ದಾಟುವುದಿಲ್ಲ. ಹೆದರುವವರಿಗೆ ಅಷ್ಟು ಸಾಕು. ಮೊದಲ ಸಾಲು ಬೇಕಂತಲೇ ಸಪ್ಪೆಯಾಗಿ ಇಟ್ಟಿದ್ದೇವೆ. ದನಿ ನಡುಗುವುದು ಶುರುವಿನಲ್ಲೇ ಜಾಸ್ತಿ, ಅಲ್ಲಿ ಉದ್ದದ ವಾಕ್ಯ ಬಂದರೆ ಉಸಿರು ಸಾಲುವುದಿಲ್ಲ. ಕೊನೆಯ ಸಾಲಂತೂ ಜನರಿಗೆ ಏನು ಮಾಡಬೇಕು ಅಂತ ನೇರ ಹೇಳಲೇಬೇಕು. ಇಲ್ಲದಿದ್ದರೆ ಮಾತು ಮುಗಿದದ್ದು ಯಾರಿಗೂ ತಿಳಿಯುವುದಿಲ್ಲ, ನಿಂತವರು ಏನೋ ಸೇರಿಸುತ್ತಾ ಹೋಗುತ್ತಾರೆ. ಈ ಎರಡು ಸಾಲು ಮಾತ್ರ ಬಾಯಿಪಾಠ. ಮಿಕ್ಕದ್ದನ್ನು ನೋಡಿಕೊಂಡೇ ಓದಲಿ, ಯಾರೂ ತಪ್ಪು ತಿಳಿಯುವುದಿಲ್ಲ.

ಓದುವುದು ಫೋನಿನಲ್ಲಿ ಬೇಡ ಅಂದೆ. ನಡುವೆ ಸ್ಕ್ರೀನ್ ಆರಿದರೆ ಎದೆ ಧಸಕ್ ಅನ್ನುತ್ತದೆ. ತೆಳು ಹಾಳೆಯೂ ಬೇಡ, ಕೈ ಸ್ವಲ್ಪ ನಡುಗಿದರೂ ಅದು ಪಟಪಟ ಅಲ್ಲಾಡುತ್ತದೆ. ಹಳೇ ಲಗ್ನಪತ್ರಿಕೆಯ ದಪ್ಪ ರಟ್ಟಿನ ಹಿಂದೆ, ಸಾಲಿಗೊಂದೇ ಮಾತಿನಂತೆ ದೊಡ್ಡದಾಗಿ ಬರೆದುಕೊಂಡಳು. "ಹೋದೆ" ಆದಮೇಲೆ ಒಂದು ಅಡ್ಡಗೆರೆ ಎಳೆದಿದ್ದಾಳೆ. ಅಲ್ಲಿ ನಿಂತು, ಉಸಿರು ಬಿಟ್ಟು, ಮದುಮಗನ ಕಡೆ ತಿರುಗಬೇಕು. ವೈನ್ ಗ್ಲಾಸ್ ಕೊನೆಯ ಸಾಲಿನವರೆಗೂ ಮೇಜಿನ ಮೇಲೇ ಇರಲಿ.

ನಾಳೆ ಕಾರ್ಯಕ್ರಮ ನಡೆಸಿಕೊಡುವವರಿಗೆ ಫೋನ್ ಮಾಡಿ, ಮೈಕಿಗೆ ಸ್ಟ್ಯಾಂಡ್ ಇಡಿಸಲು ಹೇಳಬೇಕು.