ಅರಬ್ಬಿ ಮೆನು, ಮೂರನೇ ವಾರ: ಕತ್ತಿಗೊಂದು ಹೆಸರು

ಗೆಳೆಯನ ಪುಟ್ಟ ಫ್ಯಾಂಟಸಿ ಗೇಮನ್ನು ಅರಬ್ಬಿಗೆ ತರುವ ಕೆಲಸ ಈ ವಾರ ಆಯುಧಗಳ ಪುಟಕ್ಕೆ ಬಂತು. ಮೊದಲೆರಡು ವಾರ ಬರೀ ಪದಗಳ ಪಟ್ಟಿ ನೋಡಿಕೊಂಡು ಬರೆದಿದ್ದೆ. ಅದು ತಪ್ಪಾಯ್ತು. `Light Blade` ಅಂತಿದ್ದದ್ದನ್ನು نصل النور, ಅಂದರೆ ಬೆಳಕಿನ ಅಲಗು ಅಂತ ಮಾಡಿದ್ದೆ. ಸ್ಕ್ರೀನ್‌ಶಾಟ್ ತರಿಸಿ ನೋಡಿದರೆ ಕೆಳಗೇ ತೂಕ 2 ಅಂತಿದೆ. ಅದು ಹಗುರವಾದ ಅಲಗು. خفيف (ಖಫೀಫ್) ಅಂದರೆ ಅರ್ಥವೇನೋ ಸರಿ, ಆದರೆ ಲಘು ಊಟಕ್ಕೂ ಹೇಳುವ ಮಾತು ಅದು. رشيق (ರಶೀಖ್) ಹಾಕಿದೆ. ಅದೂ ನಾಲ್ಕೇ ಅಕ್ಷರ, ಚುರುಕೂ ಇದೆ, ನಯವೂ ಇದೆ.

ಬಟನ್‌ಗಳು ಬೇಗ ಮುಗಿದವು. ಅರಬ್ಬಿಯಲ್ಲಿ ‘ಉಳಿಸು’ ಅನ್ನಬೇಕಾದರೆ ಗಂಡಸಿಗೆ ಒಂದು ರೂಪ, ಹೆಂಗಸಿಗೆ ಇನ್ನೊಂದು. ಅದಕ್ಕೇ ‘ಉಳಿಸುವುದು’ ಅನ್ನುವ ಅರ್ಥದ حفظ ಇಟ್ಟೆ. ಯಾರು ಆಡಿದರೂ ಹೊಂದುತ್ತದೆ. `Inventory` ಮಾತ್ರ ಒಂದು ಸಂಜೆ ತೆಗೆದುಕೊಂಡಿತು. المخزون ಅಂದರೆ ಅಂಗಡಿಯ ದಾಸ್ತಾನು ನೆನಪಾಗುತ್ತದೆ. ಕೊನೆಗೆ ಸಿಕ್ಕಿದ್ದು الجعبة (ಅಲ್‌ಜಅಬ), ಬತ್ತಳಿಕೆ. ‘ಅವನ ಬತ್ತಳಿಕೆಯಲ್ಲಿ ಇನ್ನೂ ಬಾಣಗಳಿವೆ’ ಅಂತ ನಾವು ಹೇಳುತ್ತೇವಲ್ವಾ, ಅರಬ್ಬಿಯವರೂ ಆ ಪದವನ್ನು ಹಾಗೇ ಬಳಸುತ್ತಾರೆ.

ಈಗ ಕತ್ತಿಗಳು. ಮೂರು ಮೆಟ್ಟಿಲು: ಸಾಧಾರಣದ್ದು, ಹರಿತದ್ದು, ದೂರದೇಶದ ಉಕ್ಕಿನದ್ದು. ಮೊದಲನೆಯದಕ್ಕೆ سيف (ಸೈಫ್) ಸಾಕು. ಎರಡನೆಯದಕ್ಕೆ حسام (ಹುಸಾಮ್). ಕತ್ತರಿಸುವ ಅರ್ಥದ ಮೂಲದಿಂದ ಬಂದ ಪದ, ಹಳೆಯ ಕಾವ್ಯದ ಗತ್ತು ಅದಕ್ಕಿದೆ. ಮೂರನೆಯದಕ್ಕೆ مهنّد (ಮುಹನ್ನದ್) ಹೊಳೆದಾಗ ನಿಜಕ್ಕೂ ಖುಷಿಯಾಯ್ತು. ‘ಹಿಂದ್’ನಿಂದಲೇ ಹುಟ್ಟಿದ ಪದ ಅದು, ಹಿಂದೂಸ್ತಾನದ ಉಕ್ಕಿನ ಕತ್ತಿ ಎಂದರ್ಥ. ನಮ್ಮ ದಕ್ಷಿಣದ ಉಕ್ಕು ಅರಬ್ ನಾಡಿಗೆ ಹೋಗುತ್ತಿದ್ದ ಕಾಲದ ಗುರುತು ಒಂದೇ ಪದದಲ್ಲಿ ಉಳಿದಿದೆ. ‘ದೂರದೇಶದ ಉಕ್ಕು’ ಅಂತ ಬಿಡಿಸಿ ಬರೆಯಬೇಕಾಗಲಿಲ್ಲ.

ಆದರೆ ಅಂಗಡಿಯ ಪುಟದ ಸ್ಕ್ರೀನ್‌ಶಾಟಿನಲ್ಲಿ ಎಡವಟ್ಟಾಯ್ತು. ಅಲ್ಲಿ ಚಿತ್ರ ಇಲ್ಲ, ಬರೀ ಹೆಸರು ಮತ್ತು ಬೆಲೆ. ಮುಹನ್ನದ್, ಹುಸಾಮ್ ಎರಡೂ ಇವತ್ತಿಗೆ ಗಂಡುಮಕ್ಕಳ ಹೆಸರುಗಳು. ಓದಿ ನೋಡಿದ ಜೋರ್ಡಾನಿನ ಗೆಳೆಯ ‘ಮುಹನ್ನದ್ ಯಾರು, ಅಂಗಡಿಯವನಾ?’ ಅಂದ. ಮುಂದೆ سيف ಸೇರಿಸಿದರೂ ಉಪಯೋಗವಿಲ್ಲ, ಸೈಫ್ ಕೂಡ ಹೆಸರೇ. ಹಾಗಾಗಿ نصل مهنّد ಮಾಡಿದೆ. ಮುಂದೆ ‘ಅಲಗು’ ಬಂದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯದಕ್ಕೂ ಹಾಗೇ ಒಂದು ಗುಣಪದ: حسام رشيق ಅಲ್ಲ, ಅದು ಹಗುರ ಅಲಗಿನ ಜೊತೆ ಗೊಂದಲವಾಗುತ್ತದೆ. حسام قاطع, ಕಡಿಯುವ ಕತ್ತಿ.

ಇನ್ನೊಂದು ಉಳಿದಿತ್ತು. مهنّد ಪದದ ಮೇಲಿನ ಒತ್ತಿನ ಗುರುತು, ಶದ್ದ, ಪಟ್ಟಿಯಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. 4 ಪಿಕ್ಸೆಲ್ ಏರಿಸಿ ಮತ್ತೆ ಶಾಟ್ ತೆಗೆದೆವು. ಗುರುತು ಪೂರ್ತಿ ಕಾಣುತ್ತಿದೆ, ಪುಟದಲ್ಲಿ ಒಂದು ಸಾಲು ಮಾತ್ರ ಕಡಿಮೆಯಾಯ್ತು. ನಾಳೆ ಮದ್ದಿನ ಸೀಸೆಗಳು.